ಒಟ್ಟು ಒತ್ತಡದಿಂದ ಪಡೆದ k ಕಾಲದೊಂದಿಗೆ ಇಳಿಯುತ್ತಿದ್ದರೆ: ದೋಷ ನಿವಾರಣೆ ಕೈಪಿಡಿ

ಅನಿಲ ಸ್ಥಿತಿಯಲ್ಲಿ ನಡೆಯುವ ಮೊದಲ ದರ್ಜೆಯ ವಿಘಟನೆಯ ದರ ಸ್ಥಿರಾಂಕ k ಯನ್ನು ಒಟ್ಟು ಒತ್ತಡದ ಏರಿಕೆಯಿಂದ ಲೆಕ್ಕ ಹಾಕುವಾಗ ಹೆಚ್ಚಾಗಿ ಎದುರಾಗುವ ದೋಷವೆಂದರೆ, ಒಂದೇ ಪ್ರಯೋಗದ ಬೇರೆ ಬೇರೆ ಕಾಲಬಿಂದುಗಳಿಂದ ಬರುವ k ಒಂದೇ ಆಗಿರದೆ ಕ್ರಮವಾಗಿ ಇಳಿಯುತ್ತಾ ಅಥವಾ ಏರುತ್ತಾ ಹೋಗುವುದು. ಅಂಕಿಗಳು ಅತ್ತಿತ್ತ ಚೆದುರಿದ್ದರೆ ಅದು ಓದುವಿಕೆಯ ಒರಟುತನವಷ್ಟೇ, ಸರಾಸರಿ ತೆಗೆದರೆ ಬಹುಪಾಲು ಸರಿಹೋಗುತ್ತದೆ. ಒಂದೇ ದಿಕ್ಕಿಗೆ ಜಾರುವ k ಮಾತ್ರ ಸರಾಸರಿಯಿಂದ ಸರಿಹೋಗುವುದಿಲ್ಲ. ಹಾಗೆ ಜಾರುವುದನ್ನು ಕಂಡೊಡನೆ ‘ಇದು ಮೊದಲ ದರ್ಜೆಯ ಕ್ರಿಯೆಯೇ ಅಲ್ಲ’ ಎಂದು ತೀರ್ಮಾನಿಸುವವರು ಹಲವರು. ಆದರೆ ತಪ್ಪು ಬಹಳ ಸಲ ಕ್ರಿಯೆಯಲ್ಲಿರುವುದಿಲ್ಲ, ಲೆಕ್ಕಕ್ಕೆ ಕೊಟ್ಟ ಆರಂಭದ ಒತ್ತಡದಲ್ಲೋ ಕೊನೆಯ ಒತ್ತಡದಲ್ಲೋ ಇರುತ್ತದೆ.

ಈ ಕೈಪಿಡಿಯಲ್ಲಿ ಡೈ-ಟರ್ಷರಿ-ಬ್ಯೂಟೈಲ್ ಪೆರಾಕ್ಸೈಡ್‌ನ ವಿಘಟನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಈ ಸಂಯುಕ್ತವು 140ರಿಂದ 160 ಡಿಗ್ರಿ ಸೆಲ್ಸಿಯಸ್ ನಡುವೆ ಅಳೆಯಲು ಅನುಕೂಲವಾದ ವೇಗದಲ್ಲಿ ಒಡೆಯುತ್ತದೆ, ಮತ್ತು ಒಂದು ಅಣುವಿನಿಂದ ಎರಡು ಅಸಿಟೋನ್ ಹಾಗೂ ಒಂದು ಈಥೇನ್ ಅಣುಗಳು ಉಂಟಾಗುತ್ತವೆ. ಒಂದು ಮೋಲ್ ಅನಿಲ ಮೂರು ಮೋಲ್ ಆಗುವುದರಿಂದ, ಮುಚ್ಚಿದ ಬಲ್ಬ್‌ನಲ್ಲಿ ಸ್ಥಿರ ತಾಪದಲ್ಲಿ ಒತ್ತಡವು ಆರಂಭದ ಮೂರರಷ್ಟಕ್ಕೆ ಏರಬೇಕು. ಆರಂಭದ ಒತ್ತಡ `P0`, `t` ಕಾಲದಲ್ಲಿನ ಒಟ್ಟು ಒತ್ತಡ `P`, ಕೊನೆಯ ಒತ್ತಡ `P∞` ಎಂದಿಟ್ಟುಕೊಂಡರೆ ಲೆಕ್ಕದ ಎರಡು ದಾರಿಗಳು ಇವು:

```
k1 = (1/t) ln [ 2P0 / (3P0 - P) ]
k2 = (1/t) ln [ (P∞ - P0) / (P∞ - P) ]
```

ಮೊದಲನೆಯದರಲ್ಲಿ ಕೊನೆಯ ಒತ್ತಡವನ್ನು ಅಳೆಯುವುದಿಲ್ಲ. ಸಮೀಕರಣವನ್ನು ನಂಬಿ ಅದು `3P0` ಎಂದು ಹಿಡಿಯುತ್ತೇವೆ. ಎರಡನೆಯದರಲ್ಲಿ ಕ್ರಿಯೆ ಮುಗಿಯುವವರೆಗೆ ಕಾದು `P∞` ಓದುತ್ತೇವೆ. ಉಪಕರಣದಲ್ಲಿ ಯಾವ ಕೊರತೆಯೂ ಇಲ್ಲದಿದ್ದರೆ ಎರಡೂ ಒಂದೇ ಉತ್ತರ ಕೊಡಬೇಕು. ಆದ್ದರಿಂದ ದೋಷ ಹುಡುಕುವ ಕೆಲಸವನ್ನು ಎರಡೂ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿ ಬರೆಯುವುದರಿಂದಲೇ ಶುರು ಮಾಡಬೇಕು; ಒಂದನ್ನು ಮಾತ್ರ ಮಾಡಿ ಇನ್ನೊಂದನ್ನು ಬಿಟ್ಟರೆ ರೋಗಲಕ್ಷಣದ ಅರ್ಧಭಾಗ ಕಾಣುವುದೇ ಇಲ್ಲ.

ಲಕ್ಷಣ

ಬಾತ್‌ನ ತಾಪ 154.6 ಡಿಗ್ರಿ, ಬಲ್ಬ್‌ನ ಗಾತ್ರ 200 ಮಿಲಿಲೀಟರ್, ಬಲ್ಬ್‌ನಿಂದ ಒತ್ತಡಮಾಪಕದವರೆಗಿನ ಕೊಳವೆಯನ್ನು ಹೀಟಿಂಗ್ ಟೇಪ್ ಸುತ್ತಿ 100 ಡಿಗ್ರಿಯಲ್ಲಿ ಇಡಲಾಗಿದೆ ಎಂದುಕೊಳ್ಳೋಣ. ಲೆಕ್ಕದ ನಡೆಯನ್ನು ತೋರಿಸಲೆಂದು ಜೋಡಿಸಿದ ಅಂಕಿಗಳು ಹೀಗಿವೆ. k ಕಾಲಂಗಳ ಮಾನ `10^-4 s^-1`.

```
t (min)   P (torr)    k1      k2
   0        80.0       -       -
  10       108.6     3.28    3.60
  20       131.4     3.23    3.58
  40       164.6     3.13    3.56
  60       186.2     3.03    3.55
  80       200.3     2.90    3.54
 120       215.6     2.61    3.53
   ∞       227.2       -       -
```

`k1` ಎರಡು ಗಂಟೆಯಲ್ಲಿ ಐದನೆಯ ಒಂದು ಭಾಗದಷ್ಟು ಕುಸಿದಿದೆ. `k2` ಬಹುತೇಕ ನಿಂತಲ್ಲೇ ನಿಂತಿದೆ, ತೀರಾ ಸೂಕ್ಷ್ಮವಾಗಿ ನೋಡಿದರೆ ಮಾತ್ರ ಶೇಕಡಾ ಎರಡರಷ್ಟು ಇಳಿದಿರುವುದು ಕಾಣುತ್ತದೆ. ಕೊನೆಯ ಒತ್ತಡ 240 ಟಾರ್ ಆಗಬೇಕಿದ್ದದ್ದು 227.2ಕ್ಕೆ ನಿಂತಿದೆ, ಅಂದರೆ `P∞/P0` ಅನುಪಾತ 3ರ ಬದಲು 2.84.

`k1` ಯಾಕೆ ಇಳಿಯುತ್ತದೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಕ್ರಿಯೆ ನಿಜವಾಗಿ 227ರ ಕಡೆಗೆ ಹೋಗುತ್ತಿರುವಾಗ ನಾವು 240ರಿಂದ ಕಳೆಯುತ್ತಿದ್ದೇವೆ. ಆರಂಭದಲ್ಲಿ ವ್ಯತ್ಯಾಸ 160 ಟಾರ್ ಇರುವುದರಿಂದ ಹನ್ನೆರಡು ಹದಿಮೂರು ಟಾರ್‌ಗಳ ತಪ್ಪು ಅಷ್ಟಾಗಿ ಕಾಣುವುದಿಲ್ಲ. 120 ನಿಮಿಷದ ಹೊತ್ತಿಗೆ ಉಳಿದ ವ್ಯತ್ಯಾಸ 24.4 ಟಾರ್ ಮಾತ್ರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ತಪ್ಪಿನದೇ. ಇದರಿಂದ ಒಂದು ನಿಯಮ ಸಿಗುತ್ತದೆ: ಲೆಕ್ಕದಲ್ಲಿ ಬಳಸಿದ ಅಂತಿಮ ಒತ್ತಡ ನಿಜಕ್ಕಿಂತ ಹೆಚ್ಚಾಗಿದ್ದರೆ k ಕಾಲದೊಂದಿಗೆ ಇಳಿಯುತ್ತದೆ, ಕಡಿಮೆಯಾಗಿದ್ದರೆ ಏರುತ್ತದೆ, ತೀರಾ ಕಡಿಮೆಯಾಗಿದ್ದರೆ ಕೊನೆಯ ಬಿಂದುಗಳಲ್ಲಿ ಲಾಗರಿದಮ್ಮಿನೊಳಗೆ ಋಣ ಸಂಖ್ಯೆ ಬಂದು ಲೆಕ್ಕವೇ ನಿಲ್ಲುತ್ತದೆ. ಈ ನಿಯಮ ತಪ್ಪಿನ ದಿಕ್ಕನ್ನು ಹೇಳುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ.

`P0` ಓದುವಿಕೆಯಲ್ಲಿನ ಸಣ್ಣ ತಪ್ಪು ಮೊದಲ ಸೂತ್ರದಲ್ಲಿ ಮೂರು ಪಟ್ಟಾಗುತ್ತದೆ ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು. ದ್ವಿತೀಯ ಪಿಯುಸಿಯಲ್ಲಿ ಎಲ್ಲರೂ ಬಿಡಿಸಿರುವ ಅಜೋಐಸೋಪ್ರೊಪೇನ್ ಲೆಕ್ಕದಲ್ಲಿ, 543 ಕೆಲ್ವಿನ್‌ನಲ್ಲಿ ಒತ್ತಡವು 35.0ರಿಂದ 360 ಸೆಕೆಂಡಿಗೆ 54.0ಕ್ಕೂ 720 ಸೆಕೆಂಡಿಗೆ 63.0ಕ್ಕೂ ಏರುತ್ತದೆ, ಎರಡು ಬಿಂದುಗಳಿಂದ ಬರುವ k ಕ್ರಮವಾಗಿ `2.17×10^-3` ಮತ್ತು `2.24×10^-3`. ಅಲ್ಲಿ ಒಂದು ಅಣು ಎರಡಾಗುತ್ತದೆ, ಹಾಗಾಗಿ ಕೊನೆಯ ಬಿಂದುವಿನಲ್ಲಿ `2P0 - P` ಕೇವಲ 7. ಆರಂಭದ 35.0 ಎಂಬುದು 35.2 ಆಗಿದ್ದರೆ ಕೊನೆಯ k ಶೇಕಡಾ ಮೂರರಷ್ಟು ಕೆಳಗಿಳಿಯುತ್ತದೆ. ಪರೀಕ್ಷೆಯಲ್ಲಿ ಸರಾಸರಿ ತೆಗೆದು ಮುಂದೆ ಹೋಗುವ ಆ ಅಂತರದ ಹಿಂದೆ ಇಂಥದ್ದೇ ಒಂದು ಸಂವೇದನೆ ಅಡಗಿದೆ.

ಮೊದಲ ಪ್ರಶ್ನೆ: ಅಳೆದ P∞ ನಂಬಲರ್ಹವೇ?

ಎರಡು ಅಂತಿಮ ಒತ್ತಡಗಳು ನಮ್ಮ ಮುಂದಿವೆ, ಸಿದ್ಧಾಂತದ 240 ಮತ್ತು ಅಳತೆಯ 227.2. ಬೇಗ ಓದಿದ್ದರಿಂದ 227.2 ಬಂದಿರಬಹುದೇ ಎಂಬ ಸಂಶಯ ಸಹಜ. ಈ ತಾಪದಲ್ಲಿ ಅರ್ಧಾಯು ಸುಮಾರು 33 ನಿಮಿಷ. ಹತ್ತು ಅರ್ಧಾಯು ಕಾದರೆ, ಅಂದರೆ ಐದೂವರೆ ಗಂಟೆಯ ನಂತರ, ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಏಳು ಅರ್ಧಾಯುಗಳಿಗೇ ಓದಿದರೆ ಇನ್ನೂ ಒಂದು ಟಾರ್‌ಗಿಂತ ಹೆಚ್ಚು ಬಾಕಿ ಇರುತ್ತದೆ. ಅಷ್ಟು ಹೊತ್ತು ಕಾಯಲಾಗದವರು ಕೊನೆಯ ಹಂತದಲ್ಲಿ ಬಾತ್‌ನ ತಾಪವನ್ನು 180 ಡಿಗ್ರಿಗೆ ಏರಿಸಿ ಕ್ರಿಯೆ ಮುಗಿಸಿ ಮತ್ತೆ 154.6ಕ್ಕೆ ಇಳಿಸಿ ಓದುವುದುಂಟು. ಅದು ಸರಿಯಾದ ಉಪಾಯವೇ, ಆದರೆ ತಾಪ ಪೂರ್ತಿ ಹಿಂದಿರುಗಿರಬೇಕು: ಒಂದು ಡಿಗ್ರಿ ಹೆಚ್ಚಿದ್ದರೆ 227 ಟಾರ್‌ನಲ್ಲಿ ಅರ್ಧ ಟಾರ್ ಹೆಚ್ಚು ಕಾಣುತ್ತದೆ.

ಕಾದು ನೋಡುವುದಕ್ಕಿಂತ ಚುರುಕಾದ ಪರೀಕ್ಷೆ ಇನ್ನೊಂದಿದೆ. ಸಮಾನ ಕಾಲಾಂತರ `Δ` ಇರುವ ಮೂರು ಒತ್ತಡಗಳನ್ನು ತೆಗೆದುಕೊಂಡರೆ, ವಕ್ರರೇಖೆ ತಾನಾಗಿ ಎತ್ತ ಹೋಗುತ್ತಿದೆ ಎಂಬುದನ್ನು `P0` ಆಗಲಿ ಅಳೆದ `P∞` ಆಗಲಿ ಇಲ್ಲದೆಯೇ ಲೆಕ್ಕ ಹಾಕಬಹುದು.

```
k  = (1/Δ) ln [ (P2 - P1) / (P3 - P2) ]
P∞ = (P2^2 - P1*P3) / (2*P2 - P1 - P3)
```

40, 80 ಮತ್ತು 120 ನಿಮಿಷಗಳ ಒತ್ತಡಗಳನ್ನು ಇದರಲ್ಲಿ ಹಾಕಿದರೆ `P∞` 227.1 ಟಾರ್ ಬರುತ್ತದೆ, k `3.53×10^-4`. ಅಳೆದ ಬೆಲೆಯ ಮಗ್ಗುಲಲ್ಲೇ ಇದು ನಿಂತಿರುವುದರಿಂದ, ಓದು ಬೇಗನೆ ನಿಂತಿತ್ತೆಂಬ ಅನುಮಾನಕ್ಕೆ ಎಡೆಯಿಲ್ಲ. ಕ್ರಿಯೆ ನಿಜವಾಗಿಯೂ 240ರ ಕಡೆಗೆ ಹೋಗುತ್ತಿಲ್ಲ. ಈ ಮೂರು ಬಿಂದುಗಳು ಒಟ್ಟಾಗಿ ಒಂದೆರಡು ಅರ್ಧಾಯುವನ್ನಾದರೂ ಆವರಿಸಿರಬೇಕು, ಇಲ್ಲವಾದರೆ ಛೇದದಲ್ಲಿ ಸಣ್ಣ ಸಂಖ್ಯೆ ಉಳಿದು ಓದಿನ ಒರಟುತನವೇ ಉತ್ತರವಾಗಿಬಿಡುತ್ತದೆ. ಹತ್ತು ನಿಮಿಷದ ಅಂತರದಲ್ಲಿ ಮೂರು ಬಿಂದು ತೆಗೆದು ಈ ಸೂತ್ರವನ್ನು ದೂರುವುದು ನ್ಯಾಯವಲ್ಲ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಕಾಣಬಹುದು: ಗಂಟೆಗಟ್ಟಲೆ ಕಾದರೂ ಒತ್ತಡ ನಿಲ್ಲದೆ ನಿಧಾನವಾಗಿ ಏರುತ್ತಲೇ ಇರುವುದು. ಆಗ ಮೊದಲು ನೋಡಬೇಕಾದದ್ದು ಸೋರಿಕೆ. ಬಲ್ಬ್ ಖಾಲಿ ಇರುವಾಗ, ಬಾತ್ ಬಿಸಿಯಾಗಿರುವಾಗಲೇ, ಪಂಪ್‌ನಿಂದ ನಿರ್ವಾತ ಮಾಡಿ ಸ್ಟಾಪ್‌ಕಾಕ್ ಮುಚ್ಚಿ ಪ್ರಯೋಗದಷ್ಟೇ ಹೊತ್ತು ಬಿಟ್ಟು ಏರಿಕೆಯನ್ನು ಬರೆದಿಡಬೇಕು. ತಣ್ಣಗಿದ್ದಾಗ ಸೋರದ ಗ್ರೀಸ್ ಬಿಸಿಯಲ್ಲಿ ಸೋರುತ್ತದೆ, ಆದ್ದರಿಂದ ತಣ್ಣಗಿನ ಪರೀಕ್ಷೆಗೆ ಬೆಲೆಯಿಲ್ಲ. ಇಲ್ಲಿ ಸೋರಿಕೆಯೆಂದರೆ ಒತ್ತಡದ ತಪ್ಪು ಮಾತ್ರವಲ್ಲ: ಒಳಬಂದ ಆಮ್ಲಜನಕ ಮೀಥೈಲ್ ರ‍್ಯಾಡಿಕಲ್‌ಗಳೊಂದಿಗೆ ಕೂಡಿ ಕ್ರಿಯೆಯ ದಾರಿಯನ್ನೇ ಬದಲಿಸುತ್ತದೆ, ಮತ್ತು ಬಿಸಿ ಪೆರಾಕ್ಸೈಡ್ ಆವಿಗೆ ಗಾಳಿ ಸೇರುವುದು ಅಪಾಯಕರವೂ ಹೌದು. ಸೋರುವ ಉಪಕರಣದಲ್ಲಿ ತಿದ್ದುಪಡಿ ಲೆಕ್ಕ ಮಾಡುತ್ತಾ ಕೂರದೆ ಪ್ರಯೋಗವನ್ನು ನಿಲ್ಲಿಸುವುದೇ ಸರಿ.

ಎರಡನೆಯ ಪ್ರಶ್ನೆ: P0 ಎನ್ನುವುದು ನಿಜವಾಗಿ ಪೆರಾಕ್ಸೈಡ್‌ನ ಆರಂಭದ ಒತ್ತಡವೇ?

ಅಳೆದ `P∞` ಸರಿ ಎಂದಾದ ಮೇಲೆ ಅನುಪಾತ 2.84 ಇರುವುದಕ್ಕೆ `P0` ಹೆಚ್ಚಾಗಿ ಓದಿರುವುದು ಕಾರಣವಿರಬಹುದು. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ತಡವಾಗಿ ಓದುವುದು. ಸಿರಿಂಜ್‌ನಿಂದ ಸೆಪ್ಟಮ್ ಮೂಲಕ ದ್ರವವನ್ನು ಒಳಬಿಟ್ಟಾಗ ಅದು ಆವಿಯಾಗಿ ಬಾತ್‌ನ ತಾಪಕ್ಕೆ ಬರಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಒತ್ತಡ ಏರುವುದು ಕ್ರಿಯೆಯಿಂದಲೋ ಬಿಸಿಯಾಗುವುದರಿಂದಲೋ ಹೇಳಲಾಗುವುದಿಲ್ಲ. ಮಾಪಕದ ಮುಳ್ಳು ನಿಂತ ಮೇಲೆ ಓದೋಣ ಎಂದು ಕಾದವರು ಗಮನಿಸಬೇಕಾದ ಅಂಕಿ ಇದು: 80 ಟಾರ್‌ನಿಂದ ಶುರುವಾದ ಕ್ರಿಯೆಯಲ್ಲಿ ಆರಂಭದ ಏರಿಕೆ ನಿಮಿಷಕ್ಕೆ ಸುಮಾರು 3.4 ಟಾರ್. ಅನುಪಾತ 2.84 ಆಗಲು ಓದು ಸುಮಾರು 80 ಸೆಕೆಂಡು ತಡವಾದರೆ ಸಾಕು. ಪರಿಹಾರ ಸರಳ: ಒಳಬಿಟ್ಟ ಕ್ಷಣವನ್ನು ಸೊನ್ನೆಯೆಂದು ಗುರುತಿಸಿ, ಎರಡನೆಯ ನಿಮಿಷದಿಂದ ಐದಾರು ನಿಮಿಷದವರೆಗೆ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಓದಿ, ಆ ಗೆರೆಯನ್ನು ಸೊನ್ನೆಯವರೆಗೆ ಹಿಂದಕ್ಕೆ ಎಳೆಯಬೇಕು. ಹಾಗೆ ಎಳೆದ ಬೆಲೆಯನ್ನು `P0` ಎಂದು ಹಾಕಿದಾಗ ಅನುಪಾತ 3ಕ್ಕೆ ಬಂದು `k1` ಇಳಿಯುವುದು ನಿಂತರೆ ದೋಷ ಸಿಕ್ಕಿತು. ಎರಡನೆಯ ಸೂತ್ರಕ್ಕೆ ಈ ತಪ್ಪು ತಾಗುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ಕಾಲವನ್ನು ಯಾವ ಕ್ಷಣದಿಂದ ಎಣಿಸಿದರೂ, ಆ ಕ್ಷಣದ ಒತ್ತಡವನ್ನೇ `P0` ಎಂದು ಹಾಕಿದರೆ `ln(P∞ - P)` ರೇಖೆಯ ಇಳಿಜಾರು ಬದಲಾಗುವುದಿಲ್ಲ.

ಎರಡನೆಯದು ಬಲ್ಬ್‌ನಲ್ಲಿ ಮೊದಲೇ ಉಳಿದ ನೈಟ್ರೋಜನ್. ಗಾಳಿಯನ್ನು ಹೊರಹಾಕಲು ನೈಟ್ರೋಜನ್ ಹಾಯಿಸಿ ಪಂಪ್ ಮಾಡಿದಾಗ ಮೂರು ಟಾರ್ ಉಳಿದಿದ್ದು, ಅದನ್ನು ಕಳೆಯದೆ `P0`ನಲ್ಲಿ ಸೇರಿಸಿಬಿಟ್ಟರೆ ಸೂತ್ರವು ಆ ನೈಟ್ರೋಜನ್ನನ್ನೂ ಮೂರು ಪಟ್ಟು ಮಾಡುತ್ತದೆ. ಆಗ 80ರಲ್ಲಿ 77 ಮಾತ್ರ ಪೆರಾಕ್ಸೈಡ್, ಕೊನೆಯ ಒತ್ತಡ 234, ಅನುಪಾತ 2.93. ಇದರ ಗುರುತು ಎಂದರೆ ಪೆರಾಕ್ಸೈಡ್‌ನ ಪ್ರಮಾಣ ಹೆಚ್ಚಿಸಿದಂತೆ ಅನುಪಾತ 3ಕ್ಕೆ ಹತ್ತಿರವಾಗುತ್ತದೆ, ಏಕೆಂದರೆ ಉಳಿದ ಅನಿಲ ಅಷ್ಟೇ ಇರುತ್ತದೆ.

ಮೂರನೆಯದು ಮಾದರಿಯ ಅಶುದ್ಧಿ. ಪೆರಾಕ್ಸೈಡ್‌ನಲ್ಲಿ ಈ ತಾಪದಲ್ಲಿ ಒಡೆಯದ ಆವಿಯೇನಾದರೂ ಬೆರೆತಿದ್ದರೆ ಅದೂ `P0`ನಲ್ಲಿ ಸೇರಿಕೊಳ್ಳುತ್ತದೆ. ಅನುಪಾತ 2.84 ಆಗಲು ಮೋಲ್ ಲೆಕ್ಕದಲ್ಲಿ ಶೇಕಡಾ ಎಂಟು ಕಲಬೆರಕೆ ಬೇಕು. ಇದು ಎಷ್ಟು ಪೆರಾಕ್ಸೈಡ್ ಹಾಕಿದರೂ ಅದೇ ಅನುಪಾತ ಕೊಡುವುದರಿಂದ ನೈಟ್ರೋಜನ್‌ನಿಂದ ಬೇರ್ಪಡಿಸಿ ಗುರುತಿಸಬಹುದು, ಆದರೆ ಮುಂದೆ ಹೇಳುವ ಕೊಳವೆಯ ದೋಷದಿಂದ ಬೇರ್ಪಡಿಸಲಾಗುವುದಿಲ್ಲ. ಅದಕ್ಕೆ ಬೇರೆ ಬಾಟಲಿಯ ಮಾದರಿಯನ್ನು ಅದೇ ಉಪಕರಣದಲ್ಲಿ ಹಾಕಿ ನೋಡುವುದೊಂದೇ ದಾರಿ. ಪೆರಾಕ್ಸೈಡ್ ಶುದ್ಧೀಕರಿಸಲು ಆಸವನಕ್ಕೆ ಕೈಹಾಕುವ ಮೊದಲು ಇದನ್ನು ಮಾಡುವುದು ಒಳ್ಳೆಯದು.

ನಮ್ಮ ಉದಾಹರಣೆಯಲ್ಲಿ ಈ ಮೂರೂ ಪರೀಕ್ಷೆಗಳಿಂದ ಏನೂ ಸಿಗಲಿಲ್ಲ ಎಂದುಕೊಳ್ಳೋಣ. ಸೊನ್ನೆಗೆ ಎಳೆದ ಗೆರೆ 80.0ರಲ್ಲೇ ಬಂದು ನಿಂತಿದೆ, ಖಾಲಿ ಬಲ್ಬ್‌ನಲ್ಲಿ ನೈಟ್ರೋಜನ್ ಇಲ್ಲ, ಹೊಸ ಮಾದರಿಯೂ 2.84ನ್ನೇ ಕೊಡುತ್ತದೆ, ಅರ್ಧದಷ್ಟು ಪೆರಾಕ್ಸೈಡ್ ಹಾಕಿದರೂ ಅಷ್ಟೇ. ಉಳಿದದ್ದು ಬಾತ್‌ನ ಹೊರಗಿರುವ ಭಾಗ.

ಬಾತ್‌ನ ಹೊರಗಿನ ಕೊಳವೆ

ಬಲ್ಬ್‌ನಿಂದ ಒತ್ತಡಮಾಪಕಕ್ಕೆ ಹೋಗುವ ಕೊಳವೆ, ಸ್ಟಾಪ್‌ಕಾಕ್‌ನ ಒಳಜಾಗ, ಮಾಪಕದ ಒಳಜಾಗ, ಇವೆಲ್ಲ ಸೇರಿ ಪ್ರಯೋಗಾಲಯದಲ್ಲಿ ಡೆಡ್ ವಾಲ್ಯೂಮ್ ಎಂದು ಕರೆಯುವ ಜಾಗ. ಇದು ಎರಡು ಬಗೆಯಲ್ಲಿ ಕೆಡುಕು ಮಾಡುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಕೊಳವೆ ತಣ್ಣಗಿದ್ದರೆ ಆವಿ ಅಲ್ಲಿ ದ್ರವವಾಗುತ್ತದೆ. ಪೆರಾಕ್ಸೈಡ್ ಕುದಿಯುವುದು 110 ಡಿಗ್ರಿಯ ಆಸುಪಾಸಿನಲ್ಲಿ. ಕೊಠಡಿಯ ತಾಪದಲ್ಲಿ ಅದರ ಆವಿಯ ಒತ್ತಡ ಕೆಲವೇ ಹತ್ತು ಟಾರ್ ಆದ್ದರಿಂದ 80 ಟಾರ್‌ನ ಆವಿ ತಣ್ಣಗಿನ ಗಾಜಿನ ಮೇಲೆ ನಿಲ್ಲಲಾರದು. ಕೊನೆಗೆ ಉಂಟಾಗುವ ಅಸಿಟೋನ್ 160 ಟಾರ್ ಇರುತ್ತದೆ. 20 ಡಿಗ್ರಿಯಲ್ಲಿ ಅಸಿಟೋನ್‌ನ ಆವಿಯ ಒತ್ತಡ ಸುಮಾರು 185 ಟಾರ್ ಆದ್ದರಿಂದ ಅದು ಅಂಚಿನಲ್ಲಿ ಪಾರಾಗುತ್ತದೆ, ಆದರೆ `P0` 100 ಟಾರ್ ಇದ್ದಿದ್ದರೆ ಪಾರಾಗುತ್ತಿರಲಿಲ್ಲ. ದ್ರವೀಕರಣದ ಗುರುತು ಸುಲಭ: ಹೆಚ್ಚು ಒತ್ತಡದಿಂದ ಆರಂಭಿಸಿದಷ್ಟೂ ಅನುಪಾತ ಕೆಡುತ್ತದೆ, ಮತ್ತು ಟೇಪ್ ಸುತ್ತದೆ ಬಿಟ್ಟ ಯಾವುದೋ ಮೊಣಕೈ ಅಥವಾ ಸ್ಟಾಪ್‌ಕಾಕ್‌ನ ಕೆಳಗೆ, ಬೆಳಕಿಗೆ ಹಿಡಿದು ನೋಡಿದರೆ, ಬೆವರಿದಂತೆ ಸಣ್ಣ ಹನಿಗಳು ಕಾಣುತ್ತವೆ. ನಮ್ಮಲ್ಲಿ ಕೊಳವೆ 100 ಡಿಗ್ರಿಯಲ್ಲಿದೆ, ಅರ್ಧ ಪ್ರಮಾಣದಲ್ಲೂ ಅನುಪಾತ ಬದಲಾಗಿಲ್ಲ, ಆದ್ದರಿಂದ ದ್ರವೀಕರಣವಲ್ಲ.

ಕೊಳವೆಯನ್ನು ಬಿಸಿ ಮಾಡಿದ ಮಾತ್ರಕ್ಕೆ ಎರಡನೆಯ ಕೆಡುಕು ಹೋಗುವುದಿಲ್ಲ. ಈ ಕ್ರಿಯೆಯ ಸಕ್ರಿಯಣ ಶಕ್ತಿ ಮೋಲ್‌ಗೆ 160 ಕಿಲೋಜೌಲ್‌ನಷ್ಟು ದೊಡ್ಡದು. 100 ಡಿಗ್ರಿಯಲ್ಲಿ ವೇಗವು 154.6 ಡಿಗ್ರಿಯಲ್ಲಿರುವುದರ ಏಳುನೂರರಲ್ಲಿ ಒಂದು ಪಾಲು. ಅಂದರೆ ಕೊಳವೆಯಲ್ಲಿರುವ ಪೆರಾಕ್ಸೈಡ್ ಒತ್ತಡವನ್ನು ತೋರಿಸುತ್ತದೆ, ಆದರೆ ಒಡೆಯುವುದಿಲ್ಲ. ಅಷ್ಟೇ ಅಲ್ಲ, ಬಲ್ಬ್‌ನಲ್ಲಿ ಮೋಲ್‌ಗಳು ಹೆಚ್ಚಿದಂತೆ ಅಲ್ಲಿನ ಅನಿಲ ಕೊಳವೆಯೊಳಕ್ಕೆ ತಳ್ಳಲ್ಪಡುತ್ತದೆ, ಮತ್ತು ಹಾಗೆ ಹೊರಬಿದ್ದ ಅನಿಲದ ಜೊತೆ ಇನ್ನೂ ಒಡೆಯದ ಪೆರಾಕ್ಸೈಡ್ ಕೂಡ ಹೋಗುತ್ತದೆ. ಆರಂಭದಲ್ಲಿ ಕೊಳವೆಯಲ್ಲಿದ್ದದ್ದು ಮಾತ್ರ ನಷ್ಟ ಎಂದು ಲೆಕ್ಕ ಹಾಕಿದವರಿಗೆ ಅನುಪಾತ 2.90 ಬರುತ್ತದೆ, ನಿಜವಾದ ನಷ್ಟ ಅದಕ್ಕಿಂತ ಹೆಚ್ಚು.

ಎಷ್ಟು ಹೆಚ್ಚು ಎಂಬುದನ್ನು ನಿಖರವಾಗಿ ಹೇಳಬಹುದು. ಒಟ್ಟು ಮೋಲ್‌ಗಳಲ್ಲಿ ಕೊಳವೆಯಲ್ಲಿರುವ ಪಾಲು `f` ಎಂದಿರಲಿ. ಒತ್ತಡ ಎಲ್ಲೆಡೆ ಒಂದೇ ಆದ್ದರಿಂದ, ಎರಡು ತಾಪಗಳೂ ಸ್ಥಿರವಾಗಿರುವವರೆಗೆ `f` ಪ್ರಯೋಗದುದ್ದಕ್ಕೂ ಬದಲಾಗುವುದಿಲ್ಲ. ಬಲ್ಬ್‌ನಲ್ಲಿ ಅನಿಲ ಚೆನ್ನಾಗಿ ಬೆರೆತಿದೆ, ಕೊಳವೆಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದು ಹಿಡಿದು, ಬಲ್ಬ್‌ನಲ್ಲಿರುವ ಪೆರಾಕ್ಸೈಡ್ ಒಡೆಯುವುದರಿಂದಲೂ ಹೊರಹೋಗುವುದರಿಂದಲೂ ಕಡಿಮೆಯಾಗುತ್ತದೆ ಎಂಬ ಸಮೀಕರಣವನ್ನು ಬಿಡಿಸಿದರೆ ಉತ್ತರ ಅಚ್ಚರಿಯಾಗುವಷ್ಟು ಚೊಕ್ಕಟವಾಗಿ ಬರುತ್ತದೆ:

```
P/P0  = (3 - 2 e^(-kt))^(1-f)
P∞/P0 = 3^(1-f)
f     = 1 - ln(P∞/P0) / ln 3
```

ಕೊಳವೆಯೇ ಇಲ್ಲದಿದ್ದರೆ, ಅಂದರೆ `f` ಸೊನ್ನೆಯಾದರೆ, ಇದು ಮಾಮೂಲಿ ಸೂತ್ರವೇ ಆಗುತ್ತದೆ. ನಮ್ಮ ಅಂಕಿಗಳಿಂದ `ln 2.84` ಎಂದರೆ 1.0438, ಅದನ್ನು 1.0986ರಿಂದ ಭಾಗಿಸಿದರೆ 0.950, ಆದ್ದರಿಂದ `f` 0.050. ಒಂದು ಅನುಪಾತದಿಂದ ಒಂದು `f` ಬರುವುದು ಸಹಜ, ಅಷ್ಟಕ್ಕೇ ಕಾರಣ ಸಾಬೀತಾಗುವುದಿಲ್ಲ. ಅದನ್ನು ಕೊಳವೆಯ ಗಾತ್ರದಿಂದ ಸ್ವತಂತ್ರವಾಗಿ ಪರೀಕ್ಷಿಸಬೇಕು. ಉಪಕರಣವನ್ನು ಬಿಚ್ಚಿ ಕೊಳವೆಯಲ್ಲಿ ನೀರು ತುಂಬಿ ತೂಗಿದಾಗ, ಮಾಪಕದ ಒಳಜಾಗವೂ ಸೇರಿ 9 ಮಿಲಿಲೀಟರ್ ಬಂದಿತೆನ್ನೋಣ. ಮೋಲ್‌ಗಳು ಗಾತ್ರವನ್ನು ಕೆಲ್ವಿನ್ ತಾಪದಿಂದ ಭಾಗಿಸಿದ್ದಕ್ಕೆ ಅನುಪಾತದಲ್ಲಿರುತ್ತವೆ: ಕೊಳವೆಗೆ 9/373, ಅಂದರೆ 0.0241, ಬಲ್ಬ್‌ಗೆ 200/427.8, ಅಂದರೆ 0.4675. ಕೊಳವೆಯ ಪಾಲು 0.0241/0.4916, ಅಂದರೆ 0.049. ಒತ್ತಡದಿಂದ ಬಂದ 0.050 ಮತ್ತು ನೀರಿನ ತೂಕದಿಂದ ಬಂದ 0.049 ಹೊಂದುವುದರಿಂದ ದೋಷ ಎಲ್ಲಿದೆ ಎಂಬುದರಲ್ಲಿ ಇನ್ನು ಸಂಶಯವಿಲ್ಲ. ಹೊಂದದೆ ಇದ್ದಿದ್ದರೆ, ಉದಾಹರಣೆಗೆ ಕೊಳವೆ 4 ಮಿಲಿಲೀಟರ್ ಮಾತ್ರ ಇದ್ದಿದ್ದರೆ, ಹಿಂದಕ್ಕೆ ಹೋಗಿ ಮಾದರಿಯ ಶುದ್ಧತೆಯನ್ನು ಮತ್ತೆ ಪ್ರಶ್ನಿಸಬೇಕಾಗುತ್ತಿತ್ತು.

ಸರಿಪಡಿಸಿದ k ಪಡೆಯಲು ಪ್ರತಿ ಒತ್ತಡಕ್ಕೆ `u = (P/P0)^(1/(1-f))` ಲೆಕ್ಕ ಹಾಕಿ, `k = (1/t) ln[2/(3-u)]` ಎಂದು ತೆಗೆದರೆ ಆಯಿತು. 60 ನಿಮಿಷದ ಬಿಂದುವಿಗೆ `P/P0` 2.3275, `u` 2.433, `3-u` 0.567, ಆದ್ದರಿಂದ k `3.50×10^-4`. ಹತ್ತು ನಿಮಿಷದ ಬಿಂದು `3.51×10^-4` ಕೊಡುತ್ತದೆ. ಜಾರುವಿಕೆ ಹೋಯಿತು.

ಈಗ ಮೇಲಿನ ಕೋಷ್ಟಕವನ್ನು ಮತ್ತೆ ನೋಡಿದರೆ, `k2` ನಿಜವಾದ ಬೆಲೆಗಿಂತ ಶೇಕಡಾ ಒಂದರಿಂದ ಮೂರರಷ್ಟು ಮಾತ್ರ ಹೆಚ್ಚಿತ್ತೆಂಬುದು ತಿಳಿಯುತ್ತದೆ. ಅಳೆದ `P∞` ಕೊಳವೆಯ ದೋಷದ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಹಾಗಿರುವಾಗ ಈ ತಿದ್ದುಪಡಿ ಬೇಕೇ ಎಂದು ಯಾರಾದರೂ ಕೇಳಿದರೆ, ವಿದ್ಯಾರ್ಥಿ ಪ್ರಯೋಗಾಲಯಕ್ಕೆ ಬೇಡ ಎನ್ನುವುದೇ ನನ್ನ ಅಭಿಪ್ರಾಯ. `k2` ಬಳಸಿ, ಅನುಪಾತವನ್ನು ವರದಿಯಲ್ಲಿ ಬರೆದರೆ ಸಾಕು. ಆದರೆ `k2`ನ ರೇಖೆ ನೇರವಾಗಿದೆ ಎಂಬುದನ್ನೇ ಕೊಳವೆಯ ದೋಷವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸಬಾರದು. `P∞`ನಲ್ಲಿ ಅರ್ಧ ಟಾರ್ ತಪ್ಪಿದರೆ 120 ನಿಮಿಷದ `k2` ಶೇಕಡಾ ಎರಡರ ಹತ್ತಿರ ಬದಲಾಗುತ್ತದೆ, ಆದ್ದರಿಂದ ಆ ಸಣ್ಣ ಇಳಿಕೆಯನ್ನು ಕಣ್ಣಳತೆಯಲ್ಲಿ ಗುರುತಿಸಲಾಗದು. ದೋಷವನ್ನು ಬಯಲು ಮಾಡುವುದು ರೇಖೆಯ ನೇರವಲ್ಲ, ಅನುಪಾತ.

ತಿದ್ದುಪಡಿಗೂ ಮಿತಿಯಿದೆ. ಕೊಳವೆಯಲ್ಲಿ ಸಿಕ್ಕಿಕೊಂಡ ಪೆರಾಕ್ಸೈಡ್ ಗಂಟೆಗಳ ಅವಧಿಯಲ್ಲಿ ನಿಧಾನವಾಗಿ ಬಲ್ಬ್‌ಗೆ ಹಿಂದಿರುಗಿ ಒಡೆಯುತ್ತದೆ; ಕೊಳವೆ ಗಿಡ್ಡವೂ ಅಗಲವೂ ಆಗಿದ್ದರೆ ಇದು ಹೆಚ್ಚು. ಆಗ ಸೋರಿಕೆ ಇಲ್ಲದಿದ್ದರೂ `P∞` 3ರ ಅನುಪಾತದ ಕಡೆಗೆ ತೆವಳುತ್ತದೆ, ಮತ್ತು ಖಾಲಿ ಬಲ್ಬ್‌ನ ಪರೀಕ್ಷೆಯಲ್ಲಿ ಏನೂ ಏರದೆ ಇರುವುದರಿಂದಲೇ ಇದನ್ನು ಸೋರಿಕೆಯಿಂದ ಬೇರ್ಪಡಿಸಬಹುದು. ಕೊಳವೆಯನ್ನು ಬಲ್ಬ್‌ನ ತಾಪಕ್ಕೇ ಬಿಸಿ ಮಾಡಿದರೆ ಸಮಸ್ಯೆ ಮುಗಿಯಿತಲ್ಲ ಎಂದು ತೋರಬಹುದು. ಟೇಪ್‌ನ ತಾಪ ಒಂದೊಂದು ಕಡೆ ಒಂದೊಂದಾಗಿರುವುದರಿಂದ ಅಲ್ಲಿ ಕ್ರಿಯೆ ಯಾವ ವೇಗದಲ್ಲಿ ನಡೆಯಿತೆಂದು ಹೇಳಲಾಗದ ಹೊಸ ತೊಂದರೆ ಬರುತ್ತದೆ. ದೊಡ್ಡ ಬಲ್ಬ್ ಮತ್ತು ಕಿರಿದಾದ ಕೊಳವೆ ಇದಕ್ಕಿಂತ ಒಳ್ಳೆಯ ಪರಿಹಾರ: ಅದೇ 9 ಮಿಲಿಲೀಟರ್ ಒಂದು ಲೀಟರ್ ಬಲ್ಬ್‌ಗೆ ಜೋಡಿಸಿದರೆ `f` ಶೇಕಡಾ ಒಂದಕ್ಕೆ ಇಳಿಯುತ್ತದೆ. ಆದರೆ ವಿಘಟನೆ ಶಾಖ ಹೊರಸೂಸುವಂಥದ್ದು, ದೊಡ್ಡ ಬಲ್ಬ್‌ನ ನಡುವಿನ ಅನಿಲ ಬಾತ್‌ಗಿಂತ ಬಿಸಿಯಾಗಬಹುದು. ಹಾಗಾಗಿದ್ದರೆ `P0` ಹೆಚ್ಚಿಸಿದಂತೆ k ಹೆಚ್ಚುತ್ತದೆ. ಆಗ ಒತ್ತಡವನ್ನು ತಗ್ಗಿಸಬೇಕು, ಸುರಕ್ಷತೆಯ ದೃಷ್ಟಿಯಿಂದಲೂ ಅದೇ ಸರಿ.

ರೇಖೆ ನೇರ, ಅನುಪಾತ ಮೂರು, ಆದರೂ k ತಪ್ಪು

ಎಲ್ಲ ಕಾಲಬಿಂದುಗಳೂ ಒಂದೇ k ಕೊಟ್ಟು, ಅದು ಗೊತ್ತಿರುವ ಬೆಲೆಗೆ ಹೊಂದದಿದ್ದರೆ ಒತ್ತಡವನ್ನು ಬಿಟ್ಟು ತಾಪವನ್ನು ನೋಡಬೇಕು. ಈ ಕ್ರಿಯೆಯ k ಪ್ರತಿ ಡಿಗ್ರಿಗೆ ಶೇಕಡಾ ಹತ್ತರಷ್ಟು ಬದಲಾಗುತ್ತದೆ, ಆದ್ದರಿಂದ ಶೇಕಡಾ ಇಪ್ಪತ್ತು ವ್ಯತ್ಯಾಸಕ್ಕೆ ಎರಡು ಡಿಗ್ರಿ ಸಾಕು. ಥರ್ಮಾಮೀಟರ್ ಬಲ್ಬ್‌ನ ಪಕ್ಕದಲ್ಲಿರದೆ ಎಣ್ಣೆಯ ಮೇಲ್ಭಾಗದಲ್ಲಿದ್ದರೆ ಅಷ್ಟು ಅಂತರ ಸಲೀಸಾಗಿ ಬರುತ್ತದೆ. ವ್ಯತ್ಯಾಸ ಅರವತ್ತು ಪಟ್ಟು ಇದ್ದರೆ ನಿಮಿಷವನ್ನು ಸೆಕೆಂಡಿಗೆ ಬದಲಿಸಿಲ್ಲ, 2.3 ಪಟ್ಟು ಇದ್ದರೆ ಹತ್ತರ ಆಧಾರದ ಲಾಗ್ ಬಳಸಿ 2.303 ಮರೆತಿದ್ದಾರೆ.

ಬಲ್ಬ್‌ನ ಗೋಡೆಯ ಮೇಲೆ ಕ್ರಿಯೆ ನಡೆಯುತ್ತಿದೆಯೇ ಎಂಬುದನ್ನು ಗಾಜಿನ ತುಣುಕುಗಳನ್ನು ತುಂಬಿದ ಬಲ್ಬ್‌ನಲ್ಲಿ ಅದೇ ಪ್ರಯೋಗ ಮಾಡಿ ತಿಳಿಯಬಹುದು. ಮೇಲ್ಮೈ ಹಲವು ಪಟ್ಟು ಹೆಚ್ಚಿದರೂ k ಬದಲಾಗದಿದ್ದರೆ ಗೋಡೆಯ ಪಾತ್ರವಿಲ್ಲ.

ಕೊನೆಯದಾಗಿ, ಒತ್ತಡಮಾಪಕಕ್ಕೆ ಕಾಣದೇ ಹೋಗುವ ಒಂದು ಸಂಗತಿ ಇದೆ. ಪೆರಾಕ್ಸೈಡ್ ಒಡೆದು ಬಂದ ಎರಡು ಮೀಥೈಲ್ ರ‍್ಯಾಡಿಕಲ್‌ಗಳು ಕೂಡಿ ಈಥೇನ್ ಆಗುವ ಬದಲು, ಒಂದು ಮೀಥೈಲ್ ಅಸಿಟೋನ್‌ನಿಂದ ಹೈಡ್ರೋಜನ್ ಕಿತ್ತು ಮೀಥೇನ್ ಆಗಿ, ಉಳಿದ ಅಸಿಟೋನೈಲ್ ರ‍್ಯಾಡಿಕಲ್‌ಗೆ ಎರಡನೆಯ ಮೀಥೈಲ್ ಸೇರಿ ಮೀಥೈಲ್ ಈಥೈಲ್ ಕೀಟೋನ್ ಆಗಬಹುದು. ಆಗಲೂ ಒಂದು ಪೆರಾಕ್ಸೈಡ್‌ಗೆ ಅಸಿಟೋನ್, ಮೀಥೇನ್, ಕೀಟೋನ್ ಎಂದು ಮೂರೇ ಅಣುಗಳು. ಅನುಪಾತ ಮೂರೇ ಉಳಿಯುತ್ತದೆ, ರೇಖೆ ನೇರವೇ ಉಳಿಯುತ್ತದೆ, ಪೆರಾಕ್ಸೈಡ್ ಒಡೆಯುವ ದರವೂ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಅನುಪಾತ ಮೂರು ಬಂದಿರುವುದನ್ನು k ಲೆಕ್ಕಕ್ಕೆ ಕೊಟ್ಟ ಒತ್ತಡಗಳು ಸರಿ ಎಂಬುದಕ್ಕೆ ಆಧಾರ ಮಾಡಿಕೊಳ್ಳಬಹುದು, ಉತ್ಪನ್ನ ಅಸಿಟೋನ್ ಮತ್ತು ಈಥೇನ್ ಮಾತ್ರ ಎಂಬುದಕ್ಕೆ ಅಲ್ಲ. ಉತ್ಪನ್ನಗಳ ಬಗ್ಗೆ ವರದಿಯಲ್ಲಿ ಏನಾದರೂ ಬರೆಯುವುದಿದ್ದರೆ ಬಲ್ಬ್‌ನ ಅನಿಲವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಕೊಟ್ಟು, ಮೀಥೇನ್ ಮತ್ತು ಈಥೇನ್‌ಗಳ ಪಾಲನ್ನು ಅಳೆದೇ ಬರೆಯಬೇಕು.